ಸ್ಪಿರಿಟ್ಟಿಗೆ ಸಾಯದ ಬೀಜ

ಈ ಸಂಗತಿಯನ್ನು ನಾನು ಇವತ್ತು ನಾಳೆ ಎನ್ನುತ್ತ ಬಹಳ ದಿನ ತಳ್ಳಿದ್ದೇನೆ. ನಮ್ಮ ಚರ್ಚಿನಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಬಾಳಿನಲ್ಲಿ ದೇವರು ಮಾಡಿದ ಉಪಕಾರವನ್ನು ಸಾಕ್ಷಿಯಾಗಿ ಹೇಳುವ ಪದ್ಧತಿ ಇದೆ. ಬೀದರಿನ ಆಸ್ಪತ್ರೆಯೊಂದರಲ್ಲಿ ನಾನು ಸ್ವಚ್ಛತೆಯ ಸೂಪರ್‌ವೈಸರ್ ಆಗಿದ್ದಾಗ ನಮ್ಮ ವಾರ್ಡಿಗೆ ಬಂದ ಭೇದಿಯ ರೋಗವನ್ನು ಹೇಗೆ ಓಡಿಸಿದೆವು ಎಂದು ನಾನು ಮೂರು ಸಲ ಸಾಕ್ಷಿ ಹೇಳಿದ್ದೇನೆ. ಮೂರೂ ಸಲ ಜನ ದೇವರಿಗೆ ಸ್ತೋತ್ರ ಎಂದರು. ಮೂರೂ ಸಲ ನಾನು ಒಂದು ಕಾಗದದ ಮಾತನ್ನು ಬಿಟ್ಟೆ. ಆ ಕಾಗದವನ್ನು ಬರೆದವನು ನಾನು. ಅದರಿಂದ ಒಬ್ಬ ಹೆಂಗಸಿನ ನೌಕರಿ ಹೋಯಿತು, ಹೆಸರೂ ಕೆಟ್ಟಿತು.

ನಾನು ಓದಿದ್ದು ಹತ್ತನೆಯ ತರಗತಿ. ವಾರ್ಡ್‌ಬಾಯ್ ಆಗಿ ಸೇರಿ, ನಲವತ್ತರ ಹೊತ್ತಿಗೆ ಸೂಪರ್‌ವೈಸರ್ ಆದೆ. ಹದಿನಾಲ್ಕು ಹಾಸಿಗೆಯ ಗಂಡಸರ ವಾರ್ಡು, ಅದರ ಎದುರಿಗೆ ಹತ್ತು ಹಾಸಿಗೆಯ ಹೆಂಗಸರ ವಾರ್ಡು, ಎರಡೂ ನನ್ನ ಕೈಯಲ್ಲಿದ್ದವು. ಹೊರಗಿನಿಂದ ಬಂದವರು ಬಾಗಿಲಲ್ಲೇ ಚಪ್ಪಲಿ ಬಿಡುವಂತೆ ನೆಲ ಹೊಳೆಯುತ್ತಿತ್ತು. ಯಾರೂ ಬಿಡಲು ಹೇಳುತ್ತಿರಲಿಲ್ಲ, ನೆಲ ನೋಡಿ ಅವರಾಗಿಯೇ ಬಿಡುತ್ತಿದ್ದರು. ಅದನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ.

ಕೊರೋನಾ ಮುಗಿದ ಮೇಲೆ ನನ್ನ ಹೆಮ್ಮೆ ಇನ್ನೂ ಒಂದು ಮೊಳ ಬೆಳೆಯಿತು. ಪ್ರತಿ ಮಂಚದ ಕಾಲಿನ ಕಡೆಗೆ ಸ್ಯಾನಿಟೈಸರ್ ಬಾಟಲಿ ತೂಗುಹಾಕಿಸಿದ್ದೆ. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬನ ಕಡೆಗೆ ಹೋಗುವ ಮೊದಲು ಕೈಗೆ ಹಚ್ಚಲೇಬೇಕು, ಇದು ನನ್ನ ಕಾನೂನು. ಕೈತೊಳೆಯುವ ಬೇಸಿನ್ನಿನ ಮೇಲೆ ಸಾಬೂನು ಇಟ್ಟರೆ ಎರಡು ದಿನಕ್ಕೆ ಮಾಯವಾಗುತ್ತಿತ್ತು, ಇಲ್ಲವೆಂದರೆ ಕರಗಿ ಲೋಳೆಯಾಗುತ್ತಿತ್ತು. ನೀರು ಚೆಲ್ಲಿ ನೆಲ ಜಾರುತ್ತಿತ್ತು. ಬಾಟಲಿ ಬಂದ ಮೇಲೆ ಸಾಬೂನು ಯಾಕೆ ಬೇಕು ಎಂದು ನಾನೇ ಅದನ್ನು ತೆಗೆಸಿಬಿಟ್ಟೆ. ಬೇಸಿನ್ನು ಒಣಗಿ ಬೆಳ್ಳಗೆ ಕಾಣುತ್ತಿತ್ತು.

ನನ್ನ ಎರಡನೆಯ ಹೆಮ್ಮೆ ಒಂದು ಕುರ್ಚಿ. ಏಳಲಾಗದ ರೋಗಿಗಳಿಗೆ ಬೆಡ್‌ಪ್ಯಾನಿನ ಮೇಲೆ ಮಲಗುವುದೆಂದರೆ ನಾಚಿಕೆ, ಸಂಕಟ. ನಾನು ಬೀದರಿನ ಒಬ್ಬ ವೆಲ್ಡಿಂಗ್ ಅಂಗಡಿಯವನ ಪಕ್ಕದಲ್ಲಿ ಎರಡು ರವಿವಾರ ಕುಳಿತು, ಕಬ್ಬಿಣದ ಪೈಪು ಬಗ್ಗಿಸಿ, ನಡುವೆ ತೂತು ಬಿಟ್ಟು, ಕೆಳಗೆ ಬಕೆಟ್ ಕೂರುವಂತೆ ಕಂಬಿ ಕೊಟ್ಟು, ನಾಲ್ಕು ಗಾಲಿ ಹಚ್ಚಿ ಒಂದು ಕುರ್ಚಿ ಮಾಡಿಸಿದೆ. ಬಿಳಿ ಬಣ್ಣ ನಾನೇ ಬಳಿದೆ. ಪರದೆ ಎಳೆದು ಆ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಒಯ್ದರೆ ಮುದುಕರು ಮರ್ಯಾದೆಯಿಂದ ಕುಳಿತು ಏಳುತ್ತಿದ್ದರು. ಒಬ್ಬ ಅಜ್ಜ ಅದರ ಮೇಲೆ ಕುಳಿತು, "ಬಹಮನಿ ಸುಲ್ತಾನನ ತಖ್ತ್ ಭೀ ಇಷ್ಟು ಆರಾಮ ಇದ್ದಿರಂಗಿಲ್ಲ ನೋಡ್ರಿ" ಎಂದಿದ್ದ. ಅಂದಿನಿಂದ ಅದರ ಹೆಸರು ತಖ್ತ್, ಅಂದರೆ ಸಿಂಹಾಸನ, ಎಂದೇ ಆಯಿತು. ಎರಡೂ ವಾರ್ಡಿಗೆ ಒಂದೇ ತಖ್ತ್.

ಆ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಆಸ್ಪತ್ರೆಯ ಆಯಾಗಳಿಗೆ ಮರಾಠಿಯವರಂತೆ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುವುದು ರೂಢಿ. ಈ ಮೌಶಿ ಔರಾದ ಕಡೆಯ ಎಕಂಬಾದವಳು, ಬೀದರಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದಳು. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಣ್ಣಾರ ಎನ್ನುತ್ತಿದ್ದಳು. ಕೆಲಸದಲ್ಲಿ ಗಟ್ಟಿ, ಆದರೆ ನನ್ನ ಕಣ್ಣಿಗೆ ನಿಧಾನ. ಕಾರಣ, ಅವಳ ಸೆರಗಿನ ಗಂಟಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಟ್ಟೆ ಸಾಬೂನಿನ ಒಂದು ತುಂಡು. ಒಬ್ಬರ ಹೊಲಸು ತೆಗೆದ ಮೇಲೆ ವರಾಂಡದ ತುದಿಯ ನಲ್ಲಿಗೆ ಹೋಗಿ, ಮೊಣಕೈತನಕ ತಿಕ್ಕಿ ತೊಳೆದುಕೊಂಡೇ ಮುಂದಿನ ಮಂಚಕ್ಕೆ ಬರುತ್ತಿದ್ದಳು.

"ಬಾಟ್ಲಿ ತೂಗ್ಲಕ್ಕತ್ತದ, ಕಣ್ಣಿಗಿ ಕಾಣ್ಸಂಗಿಲ್ಲೇನ್?" ಎಂದು ನಾನು ಗದರಿಸುತ್ತಿದ್ದೆ.

"ಕಾಣ್ಸತದ್ರಿ ಅಣ್ಣಾರ. ಅದ್ ಹಚ್ಚಿದ್ರ ಕೈ ತಂಪ್ ಆಗ್ತದ, ವಾಸನಿ ಹೋಗಂಗಿಲ್ರಿ. ಕೈ ಮೂಸಿ ನೋಡ್ರಿ ಬೇಕಂದ್ರ."

"ನಿನ್ ಕೈ ನಾ ಯಾಕ ಮೂಸ್ಲಿ?"

"ಮತ್ತ ನಾ ಆ ಕೈಲೆ ರೊಟ್ಟಿ ಬಡಿಬೇಕಲ್ರಿ" ಎಂದು ನಗುತ್ತ ಹೋಗಿಬಿಡುತ್ತಿದ್ದಳು.

ತಖ್ತಿನ ವಿಷಯದಲ್ಲೂ ನಮ್ಮಿಬ್ಬರಿಗೆ ಜಗಳ. ಬ್ಲೀಚಿಂಗ್ ಪುಡಿಯ ನೀರು ಹಾಕಿ ಅದನ್ನು ತಿಕ್ಕುತ್ತೇನೆ ಎಂದು ಅವಳು. ಬ್ಲೀಚಿಂಗಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಣ್ಣ ಏಳುತ್ತದೆ. ಫಿನೈಲಿನ ಬಟ್ಟೆಯಿಂದ ಒರೆಸಿ ಮೇಲೆ ಸ್ಪಿರಿಟ್ ಹಚ್ಚಿದರೆ ಸಾಕು, ಬ್ಲೀಚಿಂಗ್ ಅದರ ಹತ್ತಿರ ತರಬೇಡ ಎಂದು ನಾನು ಖಡಾಖಂಡಿತವಾಗಿ ಹೇಳಿದ್ದೆ. ಅವಳು ನನ್ನ ಮಾತು ಕೇಳಿದಳು. ಕೇಳಿದ್ದೇ ತಪ್ಪಾಯಿತು.

ಆ ವರ್ಷದ ಮಳೆಗಾಲದ ಕೊನೆಗೆ ಭಾಲ್ಕಿಯಿಂದ ಒಬ್ಬ ನಿವೃತ್ತ ಮಾಸ್ತರರು ಬಂದರು. ಎದೆಯಲ್ಲಿ ನ್ಯುಮೋನಿಯಾ. ಭಾಲ್ಕಿಯಲ್ಲೇ ನಾಲ್ಕು ದಿನ ಇಂಜೆಕ್ಷನ್ ಆಗಿತ್ತು, ನಮ್ಮಲ್ಲಿ ಇನ್ನೂ ಜೋರಿನ ಆ್ಯಂಟಿಬಯೊಟಿಕ್ ಒಂದು ವಾರ ಕೊಟ್ಟರು. ಜ್ವರ ಬಿಟ್ಟಿತು, ಕೆಮ್ಮು ಇಳಿಯಿತು. ಇನ್ನೇನು ಮನೆಗೆ ಹೋಗುತ್ತಾರೆ ಅನ್ನುವಾಗ ಭೇದಿ ಹತ್ತಿತು. ದಿನಕ್ಕೆ ಹತ್ತು ಹನ್ನೆರಡು ಸಲ, ನೀರು ನೀರು, ಹೊಟ್ಟೆ ಹಿಂಡುವ ನೋವು. ಮಾಸ್ತರರ ಮಗಳು ಜೊತೆಗಿದ್ದಳು. ಅವಳು ಮನೆಯಿಂದ ತಂದ ಬ್ಯಾಳಿಯ ಮೇಲೆ ನಾವು ಅನುಮಾನ ಹಾಕಿದೆವು. ಅವಳು ನಮ್ಮ ನೀರಿನ ಟ್ಯಾಂಕಿನ ಮೇಲೆ ಹಾಕಿದಳು. ಯಾರೋ ಹೇಳಿದರೆಂದು ಭೇದಿ ನಿಲ್ಲಿಸುವ ಗುಳಿಗೆಯನ್ನೂ ಹೊರಗಿನಿಂದ ತಂದು ಎರಡು ದಿನ ನುಂಗಿಸಿದಳು. ಹೊಟ್ಟೆ ಉಬ್ಬಿಕೊಂಡಿತು.

ಮಾಸ್ತರರು ತಖ್ತ್ ಬಿಟ್ಟು ಇರಲಾಗುತ್ತಿರಲಿಲ್ಲ. ಆದರೂ ನಡುನಡುವೆ ಬೇರೆಯವರಿಗೆ ಒಯ್ಯಲೇಬೇಕು. ಒರೆಸಿ, ಸ್ಪಿರಿಟ್ ಹಚ್ಚಿ ಒಯ್ಯುತ್ತಿದ್ದೆವು. ಐದು ದಿನಕ್ಕೆ ಚಿಂತಾಕಿಯ ಒಬ್ಬ ರೈತನಿಗೆ ಅದೇ ಭೇದಿ. ಕಾಲಿಗೆ ಹೊಲದ ಕುಂಟಿಯ ಕಬ್ಬಿಣದ ಕುಡ ಹೊಕ್ಕು ಕೊಳೆತ ಗಾಯ ಅವನದು, ಅವನಿಗೂ ಆ್ಯಂಟಿಬಯೊಟಿಕ್ ನಡೆದಿತ್ತು. ಇನ್ನೂ ಮೂರು ದಿನಕ್ಕೆ ಎದುರಿನ ಹೆಂಗಸರ ವಾರ್ಡಿನಲ್ಲಿ ಖಟಕ ಚಿಂಚೋಳಿಯ ಒಬ್ಬ ಅಜ್ಜಿಗೆ. ರೈತನ ಸ್ಥಿತಿ ಬಿಗಡಾಯಿಸಿ, ರಕ್ತದೊತ್ತಡ ಬಿದ್ದು ಐಸಿಯುಗೆ ಒಯ್ದರು.

ನಮ್ಮ ಫಿಜಿಶಿಯನ್ ಮೇಡಮ್ಮು ಆ ಮೊದಲ ದಿನಗಳಲ್ಲಿ ರಜೆಯ ಮೇಲಿದ್ದರು. ಬಂದ ದಿನವೇ ಮೂವರ ಭೇದಿಯ ಸ್ಯಾಂಪಲ್ ತೆಗೆಸಿ, ಐಸಿನ ಡಬ್ಬಿಯಲ್ಲಿಟ್ಟು ಹೈದರಾಬಾದಿನ ಲ್ಯಾಬಿಗೆ ಕಳಿಸಿದರು. ಉತ್ತರ ಬರಲು ಎರಡು ದಿನ. ಆ ಎರಡು ದಿನದೊಳಗೇ ನಾನು ಪಾಪ ಮಾಡಿದೆ.

ಮ್ಯಾನೇಜರರು ನನ್ನನ್ನು ಕರೆದರು. ರೈತನ ಕಡೆಯವರು ಆಫೀಸಿನ ಮುಂದೆ ಗದ್ದಲ ಮಾಡಿದ್ದರು. "ನಿಮ್ಮ ವಾರ್ಡಿನಾಗ ಹೊಲಸಿಂದ ರೋಗ ಹಬ್ಬ್ಯಾದ ಅಂತಾರ. ಹ್ಯಾಂಗ ಆಯ್ತು ಅಂತ ಬರ್ದು ಕೊಡ್ರಿ" ಎಂದರು. ನನ್ನ ವಾರ್ಡು ಹೊಲಸು ಎಂಬ ಮಾತು ಕಿವಿಯಲ್ಲಿ ಕಾದ ಎಣ್ಣೆಯ ಹಾಗೆ ಬಿತ್ತು. ಮೂವತ್ತು ವರ್ಷದಲ್ಲಿ ಯಾರೂ ಅನ್ನದ ಮಾತು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು, ನನಗೆ ಬಂದ ಇಂಗ್ಲಿಷಿನಲ್ಲಿ ಬರೆದೆ: ಈ ಆಯಾಗೆ ಹಲವು ಸಲ ಬುದ್ಧಿ ಹೇಳಿದರೂ ಸ್ಯಾನಿಟೈಸರ್ ಹಚ್ಚುವುದಿಲ್ಲ, ಮೂವರು ರೋಗಿಗಳ ಕೆಲಸವನ್ನೂ ಇವಳೇ ಮಾಡಿದ್ದಾಳೆ, ಇವಳ ಕೈಯಿಂದಲೇ ರೋಗ ಹರಡಿದೆ.

ಕೊನೆಯ ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂಬಂತೆ ಬರೆದೆ. ನಡುವಿನ ಮಾತು ಶುದ್ಧ ಸುಳ್ಳು. ಹೆಂಗಸರ ವಾರ್ಡಿಗೆ ಆ ವಾರ ಬೇರೆ ಆಯಾ ಇದ್ದಳು. ಆ ಅಜ್ಜಿಯನ್ನು ನಮ್ಮ ಮೌಶಿ ಮುಟ್ಟಿಯೇ ಇರಲಿಲ್ಲ.

ಸಂಜೆ ಪಾಳಿ ಮುಗಿಯುವಾಗ ನಾಳೆಯಿಂದ ಬರಬೇಡ ಎಂದು ಆಫೀಸಿನವರು ಅವಳಿಗೆ ಹೇಳಿದರು. ಕಾಗದದ ಮಾತನ್ನು ಅವರು ಎತ್ತಲಿಲ್ಲ. ನನ್ನ ಹತ್ತಿರ ಬಂದು, "ಅಣ್ಣಾರ, ನಾ ಏನ್ ಗಲತಿ ಮಾಡೇನ್ರಿ?" ಎಂದಳು. ನಾನು ಫಿನೈಲಿನ ಡಬ್ಬಿಗಳನ್ನು ಎಣಿಸುವವನ ಹಾಗೆ ಬೆನ್ನು ತಿರುಗಿಸಿ, "ಮ್ಯಾಲಿನವರ ಹುಕುಂ ಅದ, ನನ್ ಕೈಯಾಗ ಏನದ" ಎಂದೆ. ಅವಳು ಸೆರಗಿನ ಗಂಟು ಬಿಚ್ಚಿ, ಆ ಸಾಬೂನಿನ ತುಂಡನ್ನು ನಲ್ಲಿಯ ಕಟ್ಟೆಯ ಮೇಲಿಟ್ಟು ಹೋದಳು.

ಮರುದಿನ ಮುಂಜಾನೆ ಹೈದರಾಬಾದಿನ ರಿಪೋರ್ಟು ಬಂತು. ಮೇಡಮ್ಮು ಹೆಡ್ ಸಿಸ್ಟರನ್ನೂ ನನ್ನನ್ನೂ ಕರೆದು ಹೆಸರು ಹೇಳಿದರು: ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್. ನನಗೆ ನಾಲಿಗೆ ತಿರುಗಲಿಲ್ಲ. "ಸಿ ಡಿಫ್ ಅನ್ರಿ ಸಾಕು" ಎಂದರು ಸಿಸ್ಟರು.

ಮೇಡಮ್ಮು ರೈತರ ಮನೆಯವರು, ಹೊಲದ ಕಳೆಕಸದ ಉದಾಹರಣೆಯನ್ನೇ ಹೇಳಿದರು. "ನಮ್ಮ ಕರುಳಿನಾಗ ಲೆಕ್ಕ ಇಲ್ಲದಷ್ಟು ಒಳ್ಳೆ ಕ್ರಿಮಿ ಇರ್ತಾವ. ಸೋಯಾ ದಟ್ಟಗ ಬೆಳದಿದ್ರ ನಡುವ ಕಸ ಏಳಂಗಿಲ್ಲ ನೋಡ್ರಿ, ಹಂಗ. ಎದಿ ಬ್ಯಾನಿಗಿ ಕೊಟ್ಟ ಔಷಧ ಆ ಒಳ್ಳೆ ಬೆಳಿನೂ ಸುಟ್ಟ ಬಿಡ್ತದ. ಹೊಲ ಬೈಲ ಆಗ್ತದ. ಆಗ ಈ ಸಿ ಡಿಫ್ ಎದ್ದು ವಿಷ ಬಿಡ್ತದ, ಕರುಳ ಉರಿತದ, ಭೇದಿ ಹತ್ತತದ."

"ಅಂದ್ರ ಔಷಧನೇ ಕೊಡಬಾರದಿತ್ತೇನ್ರಿ ಮೇಡಮ್?" ಎಂದೆ.

"ಮಾಸ್ತರರಿಗಿ ಕೊಡ್ದಿದ್ರ ನ್ಯುಮೋನಿಯಾಕ್ಕ ಹೋಗ್ತಿದ್ರು. ಬೇಕಾದಾಗ ಕೊಡಬೇಕು, ಬೇಕಾದಷ್ಟೇ ಕೊಡಬೇಕು. ಆದ್ರ ಬಾಕಿ ಇಬ್ಬರಿಗಿ ಇದು ಎಲ್ಲಿಂದ ಬಂತು? ಅದನ್ನ ಹೇಳ್ರಿ."

ನಾನು ಬಾಯಿ ತೆರೆಯುವುದರೊಳಗೆ ಅವರೇ ಹೇಳಿದರು. ಹೊರಗೆ ಬಿದ್ದ ಕೂಡಲೇ ಈ ಕ್ರಿಮಿ ಬೀಜದಂಥ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಆ ಬೀಜ ಮಂಚದ ಕಂಬಿ, ನಲ್ಲಿಯ ಹಿಡಿ, ಕುರ್ಚಿ, ಎಲ್ಲಿ ಬೇಕಾದರೂ ತಿಂಗಳುಗಟ್ಟಲೆ ಕುಳಿತಿರುತ್ತದೆ. ಯಾರದೋ ಕೈಗೆ ಹತ್ತಿ, ಕೈಯಿಂದ ಬಾಯಿಗೆ ಹೋದರೆ ಮತ್ತೆ ಮೊಳೆಯುತ್ತದೆ. ಅದೂ ಎಲ್ಲರಲ್ಲಿ ಅಲ್ಲ. ಹೊಟ್ಟೆಯ ಬೆಳೆ ದಟ್ಟವಾಗಿದ್ದವರಲ್ಲಿ ಬಹಳ ಮಟ್ಟಿಗೆ ಏನೂ ಆಗದೆ ಹೋಗುತ್ತದೆ. ಅದಕ್ಕೇ ಮಾಸ್ತರರ ಮಗಳಿಗೆ ಏನೂ ಆಗಲಿಲ್ಲ, ನಮಗೂ ಆಗಲಿಲ್ಲ. ಆ್ಯಂಟಿಬಯೊಟಿಕ್ ನಡೆದಿದ್ದ ಮೈಗಳಲ್ಲೇ ಎದ್ದಿತು.

"ಈ ಬೀಜ ಸ್ಪಿರಿಟ್ಟಿಗಿ ಸಾಯಂಗಿಲ್ಲ" ಎಂದರು. "ಸ್ಯಾನಿಟೈಸರಿಗೂ ಸಾಯಂಗಿಲ್ಲ. ನಿಮ್ಮ ಫಿನೈಲಿಗೂ ಇಲ್ಲ. ಕೈ ಮ್ಯಾಲಿಂದ ಸಾಬಾನ ಹಚ್ಚಿ ತಿಕ್ಕಿ, ಹರಿಯೋ ನೀರಿನಾಗ ತೊಳದು ಬಿಡಬೇಕು. ಸಾಬಾನಕ್ಕೂ ಅದು ಸಾಯಂಗಿಲ್ಲ, ಕೈ ಬಿಟ್ಟು ಹೋಗ್ತದ ಅಷ್ಟೇ. ಕೈ ಎಲ್ಲಿ ತೊಳೀತೀರಿ ನೀವು?"

ಬೇಸಿನ್ನಿನ ಹತ್ತಿರ ಕರೆದೊಯ್ದೆ. ಅದು ಒಣಗಿ ಬೆಳ್ಳಗೆ ಹೊಳೆಯುತ್ತಿತ್ತು. ಮೇಡಮ್ಮು ಆಚೆ ಈಚೆ ನೋಡಿದರು.

"ಸಾಬಾನ ಎಲ್ಲದ?"

ಹೆಡ್ ಸಿಸ್ಟರು ಮೆಲ್ಲಗೆ, "ಇಡೀ ವಾರ್ಡಿನಾಗ ಸಾಬಾನ ಹಚ್ಚಾಕಿ ಒಬ್ಬಾಕೇ ಇದ್ಳ್ರಿ ಮೇಡಮ್. ನಿನ್ನಿ ತೆಗದಾರ ಆಕಿನ್ನ" ಎಂದರು.

"ಯಾರು ತೆಗದ್ರು?"

"ಆಫೀಸಿನವರ್ರಿ."

ಸಿಸ್ಟರಿಗೆ ನನ್ನ ಕಾಗದ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೇಡಮ್ಮಿಗೆ ತಖ್ತ್ ಕಂಡಿತು. ಅದನ್ನು ಅಡ್ಡ ಮಲಗಿಸಿ ಎಂದರು. ಮಲಗಿಸಿದೆ. ಮೇಲೆ ಹಾಲಿನ ಹಾಗೆ ಬಿಳಿ. ಕೆಳಗೆ, ಪೈಪು ಪೈಪಿಗೆ ಕೂಡಿದ ವೆಲ್ಡಿಂಗಿನ ಗಂಟುಗಳಲ್ಲಿ, ಬಟ್ಟೆ ಹೋಗದ ಸಂದಿಗಳಲ್ಲಿ, ಕಂದು ಬಣ್ಣದ ಪದರು ಒಣಗಿ ನಿಂತಿತ್ತು. ನಾನು ಒಂದು ಸಲವೂ ಅದನ್ನು ತಲೆಕೆಳಗು ಮಾಡಿ ನೋಡಿರಲಿಲ್ಲ. ಮಾಸ್ತರರು, ರೈತ, ಅಜ್ಜಿ, ಮೂವರೂ ಕುಳಿತದ್ದು ಇದರ ಮೇಲೆಯೇ.

"ಇದು ಯಾರ ಐಡಿಯಾ?" ಎಂದರು ಮೇಡಮ್ಮು.

"ನಂದ್ರಿ."

ಅವರು ಬೈಯಲಿಲ್ಲ. "ಮನಸು ಒಳ್ಳೇದೇ ಅದ. ಆದ್ರ ಇದು ಹೋಗಬೇಕು" ಎಂದರು. ನಂತರ, "ಆ ಮೌಶಿನ ಕರಸ್ರಿ. ಮ್ಯಾನೇಜರಗಿ ನಾ ಹೇಳ್ತೇನಿ. ಬಾಕಿ ಎಲ್ಲಾರಿಗೂ ಆಕಿನೇ ಕೈ ತೊಳ್ಯೋದು ಕಲಸಲಿ" ಎಂದರು. ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದೆ.

ಅವಳ ಖೋಲಿಗೆ ಬೀಗವಿತ್ತು, ಊರಿಗೆ ಹೋದಳೆಂದು ನೆರೆಯವರು ಹೇಳಿದರು. ಅಂದೇ ಮಧ್ಯಾಹ್ನ ಔರಾದದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ: ಬರೆದವನು ನಾನೇ, ಸುಳ್ಳು ಬರೆದೆ, ತಪ್ಪಾಯಿತು. ಔರಾದದಲ್ಲಿ ಇಳಿದು ಎಕಂಬಾಕ್ಕೆ ಟಂಟಂ ಆಟೊ ಹಿಡಿದೆ. ಅವಳು ತಮ್ಮನ ಮನೆಯ ಅಂಗಳದಲ್ಲಿ ಮೊರ ಹಿಡಿದು ಹೆಸರುಕಾಳು ಕೇರುತ್ತ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಮೊರ ಕೈಯಲ್ಲೇ ಇತ್ತು.

"ಡಾಕ್ಟರ್ ಮೇಡಮ್ ಕರದಾರ. ನಾಳಿಂದ ಕೆಲಸಕ್ಕ ಬಾ" ಎಂದೆ.

ಅವಳ ಕಣ್ಣಲ್ಲಿ ನೀರು ಬಂತು. ತಮ್ಮನ ಕಡೆ ತಿರುಗಿ, "ನೋಡೋ, ನಾ ಹೇಳ್ದೆ ಇಲ್ಲೋ? ನಮ್ಮ ಅಣ್ಣಾರು ಸುಮ್ ಕೂಡಾವರಲ್ಲ ಅಂತ. ಜಗಳ ಮಾಡಿ ಬಂದಾರ ನೋಡು" ಎಂದಳು. ನನ್ನ ಕಡೆ ತಿರುಗಿ, "ಮ್ಯಾನೇಜರ್ ಸಂಗಟ ಜಗಳ ಆಡಿದ್ರೇನ್ರಿ ಅಣ್ಣಾರ, ನನ್ ಸಲೇಕ?"

ತಮ್ಮನ ಹೆಂಡತಿ ಚಹಾ ತಂದಿಟ್ಟಳು. ನಾನು, "ಹೂಂ" ಎಂದೆ.

ಒಂದೇ ಅಕ್ಷರ. ಕಾಗದಕ್ಕಿಂತ ಇದೇ ದೊಡ್ಡ ಪಾಪ ಎಂದು ಈಗ ಅನ್ನಿಸುತ್ತದೆ. ಕಾಗದ ಬರೆದಾಗ ನನಗೆ ತಿಳಿವಳಿಕೆ ಇರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು.

ಮುಂದಿನ ಎರಡು ತಿಂಗಳ ಕೆಲಸವನ್ನು ಹೇಳದಿದ್ದರೆ ಅವಳಿಗೆ ಇನ್ನೊಂದು ಅನ್ಯಾಯ ಮಾಡಿದಂತೆ. ಮೊದಲು ನಾನು ಆಸ್ಪತ್ರೆಯ ಹಿತ್ತಲಿನಲ್ಲಿ ಗರಗಸ ಹಿಡಿದು ತಖ್ತನ್ನು ನಾಲ್ಕು ತುಂಡು ಮಾಡಿದೆ. ಮೌಶಿ ಕೈಗವಸು ಹಾಕಿಕೊಂಡು ತುಂಡುಗಳನ್ನು ಹಿಡಿದಳು. "ತಖ್ತ್ ಉರುಳ್ತು, ಸುಲ್ತಾನ ಉಳದಾರ" ಎಂದು ನನ್ನನ್ನು ಚುಚ್ಚಿದಳು. ಮೂವರು ರೋಗಿಗಳಿಗೂ ಬೇರೆ ಬೇರೆ ಕೋಣೆ ಮಾಡಿದೆವು, ರೈತನದು ಅವನು ಐಸಿಯುನಿಂದ ಬರುವ ಹೊತ್ತಿಗೆ. ಒಂದು ಕೋಣೆಗಾಗಿ ನನ್ನ ಸಾಮಾನಿನ ಕೋಣೆಯನ್ನೇ ಖಾಲಿ ಮಾಡಿಕೊಟ್ಟೆ. ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ಕಿನ ಸಂಡಾಸ ಕುರ್ಚಿ, ಸಂದಿ ಇಲ್ಲದ್ದು, ಅದರ ಮೇಲೆ ಅವರವರ ಕೋಣೆಯ ನಂಬರು.

ಬ್ಲೀಚಿಂಗ್ ನೀರನ್ನು ದಿನಾ ಮುಂಜಾನೆ ಹೊಸದಾಗಿ ಕಲಸಬೇಕು, ನಿನ್ನೆಯದರ ಶಕ್ತಿ ಇಳಿದಿರುತ್ತದೆ. ನಾನು ಮೊದಲೆಲ್ಲ ವಾರಕ್ಕೊಮ್ಮೆ ಡ್ರಮ್ಮಿನಲ್ಲಿ ಕಲಸಿಡುತ್ತಿದ್ದೆ, ಅದು ಬರೀ ವಾಸನೆ ಕೊಡುವ ನೀರಾಗಿರುತ್ತಿತ್ತು. ಮೇಡಮ್ಮು ಹೇಳಿದ ಅಳತೆಯಲ್ಲಿ ಪುಡಿ ಹಾಕಿ, ಕದಡಿ, ತಿಳಿ ನಿಂತ ಮೇಲೆ ಆ ತಿಳಿಯನ್ನೇ ಬಳಸಬೇಕು. ಮೊದಲು ಸಾಬೂನು ನೀರಿನಿಂದ ಕೊಳೆ ತೆಗೆಯಬೇಕು, ಕೊಳೆಯ ಮೇಲೆ ಬ್ಲೀಚಿಂಗ್ ಹಾಕಿದರೆ ದಂಡ. ಆಮೇಲೆ ಬ್ಲೀಚಿಂಗ್ ಹಚ್ಚಿ, ಹತ್ತು ನಿಮಿಷ ಹಸಿಯಾಗಿಯೇ ಬಿಡಬೇಕು. ಹಚ್ಚಿದ ಕೂಡಲೇ ಒಣಬಟ್ಟೆಯಿಂದ ಒರೆಸಿ ಹೊಳಪು ತರುವುದು ನನ್ನ ಹಳೆಯ ಚಟ. ಮೌಶಿ ನನ್ನ ಕೈಯಿಂದ ಬಟ್ಟೆ ಕಸಿದುಕೊಳ್ಳುತ್ತಿದ್ದಳು.

"ಬಿಡ್ರಿ ಅಣ್ಣಾರ. ಬೀಜ ಸಾಯ್ಲಕ್ಕ ಟೈಮ್ ಬೇಕಂತ ಮೇಡಮ್ ಹೇಳ್ಯಾರ. ನಿಮಗ್ ಬರೇ ಮಾರಿ ಕಾಣೋ ಹಂಗ ಹೊಳಿಬೇಕು."

ನೆಲದ ಮೊಸಾಯಿಕ್ಕಿನ ಹೊಳಪು ಹೋಯಿತು. ಹೋಗಲಿ ಎಂದೆ. ಅದು ಸುಲಭವಾಗಿರಲಿಲ್ಲ.

ಬೇಸಿನ್ನಿಗೆ ಸಾಬೂನು ಬಂತು, ಕಳವಾಗದಂತೆ ತೂತು ಕೊರೆದು ನುಲಿಯಲ್ಲಿ ಕಟ್ಟಿದೆ. ಮೌಶಿ ಬೇಸಿನ್ನಿನ ಮುಂದೆ ನಿಂತು, ಆಯಾಗಳಿಗೆ, ವಾರ್ಡ್‌ಬಾಯ್‌ಗಳಿಗೆ, ಕೊನೆಗೆ ಹೊಸ ಡಾಕ್ಟರುಗಳಿಗೂ ಬೆರಳ ಸಂದಿ, ಹೆಬ್ಬೆಟ್ಟಿನ ಬುಡ, ಉಗುರು ತೊಳೆಯುವುದನ್ನು ತೋರಿಸಿದಳು. ಒಬ್ಬ ಡಾಕ್ಟರು ಅವಸರದಲ್ಲಿ ಬಾಟಲಿಗೆ ಕೈ ಒಡ್ಡಿದರೆ, "ಸಾಹೇಬ್ರ, ಈ ಮೂರ್ ಖೋಲಿಗಿ ಅದ್ ನಡ್ಯಂಗಿಲ್ರಿ, ನಳಕ್ಕ ಬರ್ರಿ" ಎಂದು ಎಳೆದು ತಂದಳು. ಬೇರೆ ಮಂಚಗಳಿಗೆ ಬಾಟಲಿ ಉಳಿಸಿಕೊಂಡೆವು, ಬೇರೆ ಕ್ರಿಮಿಗಳಿಗೆ ಅದು ಒಳ್ಳೆಯದೇ.

ಔಷಧಿಯದೂ ಒಂದು ಗಮ್ಮತ್ತು. ವ್ಯಾಂಕೊಮೈಸಿನ್ ಎಂಬ ಇಂಜೆಕ್ಷನ್ನಿನ ಬಾಟಲಿ ಒಡೆದು, ನೀರಲ್ಲಿ ಕಲಸಿ, ಸಿಸ್ಟರು ಕುಡಿಸಲು ಬಂದಾಗ ಮಾಸ್ತರರ ಮಗಳು ಅಡ್ಡ ನಿಂತಳು.

"ಸೂಜಿ ಮದ್ದು ಕುಡಸ್ತಾರೇನ್ರಿ ಸಿಸ್ಟರ್? ತಪ್ಪಿ ತಂದೀರೇನ್ರಿ?"

"ತಪ್ಪಿಲ್ಲವ್ವ. ನರಕ್ಕ ಕೊಟ್ರ ಇದು ಕರುಳಿಗಿ ಮುಟ್ಟಂಗಿಲ್ಲ. ಕುಡದ್ರೇ ಕಸ ಇದ್ದಲ್ಲಿಗಿ ಹೋಗ್ತದ. ಮತ್ತ ಆ ಭೇದಿ ನಿಲ್ಲಸೋ ಗುಳಿಗಿ ಇನ್ನೊಮ್ಮಿ ಕೊಟ್ಟಿ ಅಂದ್ರ ನೋಡು, ವಿಷ ಒಳಗೇ ಉಳಿತದ."

ಮಾಸ್ತರರು ಮುಖ ಕಿವುಚಿ ಕುಡಿದು, "ನಲವತ್ತು ವರ್ಷ ಹುಡುಗರಿಗಿ ಕಹಿ ಕುಡಸೇನಿ, ಈಗ ನನ್ ಪಾಳಿ" ಎಂದರು. ನಾಲ್ಕನೆಯ ದಿನಕ್ಕೆ ಭೇದಿ ಇಳಿಯಿತು. ರೈತನಿಗೆ ಗಾಯದ ಔಷಧ ನಿಲ್ಲಿಸುವಂತಿರಲಿಲ್ಲ, ಅದನ್ನು ಬದಲಿಸಿ ಇದನ್ನೂ ಕೊಟ್ಟರು. ಒಂದು ವಾರ ಐಸಿಯುನಲ್ಲಿದ್ದು ಬದುಕಿದ. ಅಜ್ಜಿ ಎಲ್ಲರಿಗಿಂತ ಮೊದಲು ಎದ್ದು ಓಡಾಡಿದಳು. ಮೂವರೂ ಮನೆಗೆ ಹೋದರು.

ಮೂರು ವಾರಕ್ಕೆ ಮಾಸ್ತರರು ವಾಪಸು ಬಂದರು, ಮತ್ತೆ ಅದೇ ಭೇದಿ. ಆಫೀಸಿನಲ್ಲಿ ಎಲ್ಲರ ಮುಖ ನನ್ನ ಕಡೆ. ಮೇಡಮ್ಮು ಮಾತ್ರ ಗಾಬರಿಯಾಗಲಿಲ್ಲ. ಔಷಧಕ್ಕೆ ಎದ್ದ ಕಸ ಸತ್ತರೂ ಕರುಳಿನಲ್ಲಿ ಕೆಲವು ಬೀಜ ಉಳಿಯುತ್ತವೆ, ಒಳ್ಳೆಯ ಬೆಳೆ ಇನ್ನೂ ತುಂಬಿರದಿದ್ದರೆ ಮತ್ತೆ ಏಳುತ್ತವೆ, ಕೆಲವರಿಗೆ ಹೀಗೆ ಮರಳುತ್ತದೆ ಎಂದರು. ಈ ಸಲ ಅದೇ ಔಷಧವನ್ನು ಹಲವು ವಾರ, ಸ್ವಲ್ಪ ಸ್ವಲ್ಪವೇ ಇಳಿಸುತ್ತ ಕೊಡುವುದೆಂದು ಬರೆದರು.

ಆ ದಿನಗಳನ್ನು ನಾನು ಮರೆಯುವುದಿಲ್ಲ. ವಾರ್ಡು ತುಂಬಿತ್ತು, ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಆ್ಯಂಟಿಬಯೊಟಿಕ್ ನಡೆದಿತ್ತು. ಒಂದು ಬೀಜ ಬಾಗಿಲು ದಾಟಿದರೆ ಸಾಕು. ಮೌಶಿ ಮಾಸ್ತರರ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡಳು. ಒಳಗೆ ಹೋಗುವವರಿಗೆ ಗೌನು, ಕೈಗವಸು. ಹೊರಬರುವವರನ್ನು ನೇರ ಬೇಸಿನ್ನಿಗೆ. ದಿನಕ್ಕೆ ಎರಡು ಸಲ ಮೇಲಿನಿಂದ ಕೆಳಗೆ, ಸ್ವಿಚ್ಚಿನ ಗುಂಡಿಯಿಂದ ಮಂಚದ ಕಾಲಿನತನಕ ಅವಳ ಕೈ ಹೋಗದ ಜಾಗವಿರಲಿಲ್ಲ. ನಾನು ಟಾರ್ಚು ಹಿಡಿದು ಮೊಣಕಾಲೂರಿ ಕುರ್ಚಿಗಳ ಅಡಿ ನೋಡುತ್ತಿದ್ದೆ. ದಿನ ಹತ್ತಾಯಿತು, ಇಪ್ಪತ್ತಾಯಿತು. ಮಾಸ್ತರರು ಗುಣವಾಗಿ ಹೋದರು, ಮೂರು ತಿಂಗಳ ಮೇಲೆ ಭಾಲ್ಕಿಯಿಂದ ತೊಗರಿಯ ಚೀಲ ಹೊತ್ತು ತಾವೇ ನಡೆದು ಬಂದರು. ಅವರಿಂದ ಆ ಸಲ ಇನ್ನೊಬ್ಬರಿಗೂ ಹಬ್ಬಲಿಲ್ಲ, ಒಬ್ಬರಿಗೂ ಇಲ್ಲ. ನನ್ನ ಇಡೀ ನೌಕರಿಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ನನ್ನ ಕೈಯಿಂದ ಆಗಿಲ್ಲ. ಹೊಳೆಯುವ ನೆಲ ಇದರ ಮುಂದೆ ಏನೂ ಅಲ್ಲ.

ಮೇಡಮ್ಮು ನನ್ನನ್ನು ಭಾಲ್ಕಿಗೂ ಔರಾದಕ್ಕೂ ಕಳಿಸಿದರು. ಅಲ್ಲಿನ ಆಸ್ಪತ್ರೆಗಳ ಸಫಾಯಿಯವರಿಗೆ ನಾನು ಬ್ಲೀಚಿಂಗ್ ಕಲಸಿ ತೋರಿಸಿದೆ, ಕುರ್ಚಿ ತಲೆಕೆಳಗು ಮಾಡಿ ನೋಡುವುದನ್ನು ಕಲಿಸಿದೆ. ಹತ್ತನೆಯ ತರಗತಿ ಓದಿದವನ ಮಾತನ್ನು ಡಾಕ್ಟರುಗಳು ನಿಂತು ಕೇಳಿದರು. ನನ್ನ ಮೇಲೆ ಶಾಲು ಬಿತ್ತು. ಸಾಬೂನಿನ ಮಾತನ್ನು ನನಗಿಂತ ಮೊದಲು ತಿಳಿದಿದ್ದವಳು ಬೀದರಿನಲ್ಲಿ ಬಟ್ಟೆ ಹಿಂಡುತ್ತಿದ್ದಳು.

ನಾನು ನಿವೃತ್ತನಾದ ದಿನ ಅವಳೇ ಹಾರ ಹಾಕಿದಳು. ಮೈಕು ಹಿಡಿಯಲು ಹೆದರಿ ಹಿಡಿದು, "ನನ್ನ ನೌಕರಿ ಹೋಗಿತ್ರಿ. ಈ ಅಣ್ಣಾರು ಜಗಳ ಮಾಡಿ ತಂದ್ ಕೊಟ್ಟಾರ" ಎಂದಳು. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

ಹೋದ ವಾರ ಅವಳು ನನ್ನ ಮನೆಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಸೂಪರ್‌ವೈಸರ್ ಜಾಗ ಮತ್ತೆ ಖಾಲಿಯಾಗಿದೆ. ಮೇಡಮ್ಮು ಅವಳ ಹೆಸರನ್ನೇ ಹೇಳಿದ್ದಾರೆ. ಹೊಸ ಮ್ಯಾನೇಜರರು ಅವಳ ಫೈಲು ತೆಗೆಸಿ ನೋಡಿ ತಡೆದಿದ್ದಾರೆ.

"ಫೈಲಿನಾಗ ಯಾವುದೋ ಕಾಗದ ಅದ ಅಂತ್ರಿ ಅಣ್ಣಾರ. ನನ್ ಕೈಲೆ ರೋಗ ಹಬ್ಬ್ಯಾದ ಅಂತ ಬರ್ದಾರಂತ. ಈ ತಿಂಗಳ ಕಡೀಕ ಫೈಸ್ಲಾ ಅಂತ. ನಿಮಗ್ ಇಂಗ್ಲಿಷ್ ಬರ್ತದ, ಆಫೀಸಿನಾಗ ನಿಮ್ಮ ಮಾತ್ ನಡೀತದ. ಯಾರ್ ಬರ್ದಾರ ಜರಾ ನೋಡ್ರಿ."

"ನೋಡ್ತೇನಿ" ಎಂದೆ.

"ಬೈಲಕ್ಕಲ್ರಿ. ಯಾಕ ಬರದ್ರಿ ಅಂತ ಕೇಳ್ಲಕ್ಕ ಅಷ್ಟೇ" ಎಂದು ಚಹಾದ ಬಟ್ಟಲು ತಾನೇ ತೊಳೆದಿಟ್ಟು ಹೋದಳು.

ನೋಡುವುದೇನಿದೆ. ಅಕ್ಷರ ನನ್ನದು, ಸಹಿ ನನ್ನದು. ಆ ಅಜ್ಜಿಯನ್ನು ಮೌಶಿ ಮುಟ್ಟಿರಲಿಲ್ಲ, ಬೇಸಿನ್ನಿನ ಸಾಬೂನು ತೆಗೆಸಿದವನು ನಾನು, ಕುರ್ಚಿಗೆ ಬ್ಲೀಚಿಂಗ್ ಬೇಡ ಎಂದವನು ನಾನು, ಆ ಕಾಗದದ ಮಾತು ಸುಳ್ಳು. ಇಷ್ಟನ್ನು ಬೇರೆ ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಸಹಿ ಮಾಡಿ ಇಟ್ಟಿದ್ದೇನೆ. ನಾಳೆ ಸೋಮವಾರ, ಮ್ಯಾನೇಜರರ ಕೈಗೆ ಕೊಡುತ್ತೇನೆ. ಕೊಡುವ ಮೊದಲು ವರಾಂಡದ ತುದಿಗೆ ಹೋಗಿ ಅವಳಿಗೆ ಓದಿ ಹೇಳಬೇಕು. ಅವಳು ಏನನ್ನುತ್ತಾಳೋ ಗೊತ್ತಿಲ್ಲ. ಜಾಗ ಅವಳಿಗೆ ಸಿಗುತ್ತದೋ ಇಲ್ಲವೋ ಅದೂ ನನ್ನ ಕೈಯಲ್ಲಿಲ್ಲ. ಆ ವಾರ್ಡಿನಲ್ಲಿ ನಾನು ಬೈದವರಿಗೆಲ್ಲ ಒಂದಲ್ಲ ಒಂದು ದಿನ ತಪ್ಪಾಯಿತು ಎಂದಿದ್ದೇನೆ, ತಖ್ತಿನಲ್ಲಿ ಸಂದಿ ಬಿಟ್ಟೆ ಎಂದು ಬೈದಿದ್ದ ವೆಲ್ಡಿಂಗ್ ಅಂಗಡಿಯವನಿಗೂ ಸಹ. ಎಂದೂ ಕ್ಷಮೆ ಕೇಳದೆ ಉಳಿದದ್ದು ಒಬ್ಬಳನ್ನೇ. ಅವಳು ನಮ್ಮ ಮೌಶಿ, ಎಕಂಬಾದವಳು.